ಗೆಳೆಯರ ಅರವತ್ತು ಪರ್ಸೆಂಟ್: ಒಂದು ಸ್ಪಷ್ಟನೆ

"ಶಿರಸಿಯಲ್ಲಿ ಷೇರಿಗೆ ಹಾಕಿದವರೆಲ್ಲ ವರ್ಷದಲ್ಲಿ 60% ಗಳಿಸಿದ್ದಾರೆ, ಅಡಿಕೆ ದುಡ್ಡು ಸೊಸೈಟಿಯಲ್ಲಿಟ್ಟು ನಾವೇ ದಡ್ಡರಾದೆವು."

ಪೂರ್ತಿ ನಿಜವಲ್ಲ. ಗೆಳೆಯ ಮೊಬೈಲಿನಲ್ಲಿ ತೋರಿಸುವುದು ಸಾಮಾನ್ಯವಾಗಿ ಏರಿದ ಒಂದೇ ಷೇರನ್ನು. ಆತ ಹಾಕಿದ್ದು ಒಟ್ಟು 2 ಲಕ್ಷ ಎನ್ನಿ. ಅದರಲ್ಲಿ 20,000 ರೂಪಾಯಿ 32,000 ಆಗಿದೆ. ಅದೇ ಆ 60%. ಉಳಿದ 1,80,000 ಈಗ 1,76,000. ಎಲ್ಲ ಕೂಡಿದರೆ ಲಾಭ 8,000, ಅಂದರೆ ಬರೇ 4%. (ಇಳಿದದ್ದನ್ನು ಚಾ ಅಂಗಡಿಯಲ್ಲಿ ಯಾರು ತೋರಿಸುತ್ತಾರೆ?)

ಅದೂ ಮಾರುವವರೆಗೆ ಕೈಸೇರಿದ ದುಡ್ಡಲ್ಲ. ಕೊಂಡು ವರ್ಷದೊಳಗೆ ಮಾರಿದರೆ ಲಾಭಕ್ಕೆ 20% ತೆರಿಗೆಯಿದೆ. ಹಾಗಾಗಿ ಕೇಳಬೇಕಾದದ್ದು ಒಟ್ಟು ಹಾಕಿದ್ದೆಷ್ಟು, ಇಂದಿನ ಒಟ್ಟು ಬೆಲೆ ಎಷ್ಟು ಎಂದು. ಕೊನೆಕೊಯ್ಲಿನ ಕೂಲಿಗೆಂದು ಇಟ್ಟ ಹಣವನ್ನಂತೂ ಷೇರಿಗೆ ಹಾಕಬೇಡಿ: ಕೂಲಿ ಕೊಡುವ ವಾರವೇ ಪೇಟೆ ಬಿದ್ದರೆ ನಷ್ಟಕ್ಕೇ ಮಾರಬೇಕಾಗುತ್ತದೆ.