ಔಟಾಗದವನೇ ಮಹಾಶೂರ

1953ರಲ್ಲಿ ಇಂಗ್ಲೆಂಡ್ ಪ್ರವಾಸಕ್ಕೆ ಹೋದ ಆಸ್ಟ್ರೇಲಿಯಾ ತಂಡದಲ್ಲಿ ಒಬ್ಬ ಮಹಾನುಭಾವರಿದ್ದರು, ಬಿಲ್ ಜಾನ್ಸ್‌ಟನ್ ಅಂತ. ಆ ಪ್ರವಾಸದ ಪ್ರಥಮ ದರ್ಜೆ ಪಂದ್ಯಗಳಲ್ಲಿ ಅವರ ಬ್ಯಾಟಿಂಗ್ ಸರಾಸರಿ 102. ಬ್ರಾಡ್ಮನ್ ಅವರ ಟೆಸ್ಟ್ ಸರಾಸರಿಯೇ 99.94 ಎಂಬುದನ್ನು ನೆನೆದರೆ ಜಾನ್ಸ್‌ಟನ್‌ಗೆ ಒಂದು ದೊಡ್ಡ ನಮಸ್ಕಾರ ಸಲ್ಲಬೇಕು. ಸಣ್ಣದೊಂದು ತೊಡಕು: ಅವರು ಎಡಗೈ ಬೌಲರ್, ಬ್ಯಾಟಿಂಗ್‌ಗೆ ಬರುತ್ತಿದ್ದುದು ಎಲ್ಲರೂ ಮುಗಿದ ಮೇಲೆ. 17 ಇನಿಂಗ್ಸ್‌ನಲ್ಲಿ ಹೊಡೆದದ್ದು ಒಟ್ಟು 102 ರನ್. ಔಟಾದದ್ದು ಒಂದೇ ಸಲ. ಉಳಿದ 16 ಸಲ ಇವರು ಔಟಾಗದೆ ಉಳಿದರು.

ಸರಾಸರಿ ಎಂಬ ಲೆಕ್ಕದ ಗುಟ್ಟು ಇಷ್ಟೇ. ಹೊಡೆದ ರನ್ನುಗಳನ್ನು ಆಡಿದ ಇನಿಂಗ್ಸ್‌ನಿಂದ ಭಾಗಿಸುವುದಿಲ್ಲ, ಔಟಾದ ಸಲಗಳಿಂದ ಭಾಗಿಸುತ್ತೇವೆ. ಇನಿಂಗ್ಸ್‌ನಿಂದ ಭಾಗಿಸಿದ್ದರೆ ಜಾನ್ಸ್‌ಟನ್‌ಗೆ ಸಿಗುತ್ತಿದ್ದುದು ಬರೀ 6. ಹಾಗಾಗಿ ಸರಾಸರಿ ಏರಿಸಲು ಎರಡು ದಾರಿ: ಒಂದು, ರನ್ ಹೊಡೆಯುವುದು, ಇನ್ನೊಂದು, ಔಟಾಗದಿರುವುದು. ಮೊದಲನೆಯದು ಕಷ್ಟದ ಕೆಲಸ. ಆದರೂ ಈ ಅಂಕಿಯನ್ನು ನಾವು ಆಟಗಾರನ ಜಾತಕದ ಹಾಗೆ ಓದುತ್ತೇವೆ. ಟಿವಿಯ ಪರದೆಯಲ್ಲಿ ಹೆಸರಿನ ಪಕ್ಕ ಮೊದಲು ಮೂಡುವುದು ಅದೇ, ಆಯ್ಕೆಯ ಜಗಳದಲ್ಲಿ ಮೊದಲು ತೂರಿಬರುವ ಬಾಣವೂ ಅದೇ. ಎಷ್ಟು ಎಸೆತ ತಿಂದು ಆ ರನ್ ಮಾಡಿದ ಎಂದು ಕೇಳಿದವನು ಅರಸಿಕ.

ಟೆಸ್ಟ್ ಪಂದ್ಯಕ್ಕೆ ಈ ಲೆಕ್ಕ ಅಷ್ಟೇನೂ ಕೆಟ್ಟದ್ದಲ್ಲ. ಅಲ್ಲಿ ಐದು ದಿನ ಇರುತ್ತದೆ, ಮುಗಿದುಹೋಗುವುದು ಸಾಮಾನ್ಯವಾಗಿ ವಿಕೆಟ್ಟೇ. ಯಾವುದು ಕಡಿಮೆಯಿದೆಯೋ ಅದನ್ನು ಅಳೆಯಬೇಕು, ನ್ಯಾಯ. ಓವರ್‌ಗಳಿಗೆ ಮಿತಿ ಬಂದ ದಿನವೇ ಲೆಕ್ಕ ತಿರುಗಿತು. ವಿಕೆಟ್ ಮೊದಲಿನಂತೆ ಹತ್ತೇ, ಎಸೆತ ಮಾತ್ರ ಎಣಿಸಿ ಕೊಟ್ಟದ್ದು. ಹೊಳೆಗೆ ಸುರಿದರೂ ಅಳೆದು ಸುರಿ ಅನ್ನುತ್ತಾರಲ್ಲ, ಇಲ್ಲಿ ಅಳೆಯಬೇಕಾದದ್ದು ಎಸೆತವನ್ನು. ಸರಾಸರಿಗೆ ಎಸೆತ ಎಂಬುದೊಂದು ಇದೆ ಎಂಬುದೇ ಗೊತ್ತಿಲ್ಲ.

ಇದಕ್ಕೆ ಸಾಕ್ಷಿ ಬೇಕಿದ್ದರೆ ವಿಶ್ವಕಪ್‌ನ ಮೊಟ್ಟಮೊದಲ ದಿನಕ್ಕೇ ಹೋಗಬಹುದು. 1975ರ ಜೂನ್ 7, ಲಾರ್ಡ್ಸ್. ಇಂಗ್ಲೆಂಡ್ 60 ಓವರ್‌ಗಳಲ್ಲಿ 4 ವಿಕೆಟ್‌ಗೆ 334 ಹೊಡೆಯಿತು. ಭಾರತದ ಪರ ಆರಂಭಿಕರಾಗಿ ಬಂದ ಸುನಿಲ್ ಗಾವಸ್ಕರ್ ಇಡೀ 60 ಓವರ್ ನಿಂತರು. 174 ಎಸೆತ, ಒಂದು ಬೌಂಡರಿ, 36 ರನ್, ನಾಟೌಟ್. ಭಾರತ 3 ವಿಕೆಟ್‌ಗೆ 132. ಸೋತದ್ದು 202 ರನ್ನಿಂದ, ಆದರೆ ಏಳು ವಿಕೆಟ್ಟುಗಳನ್ನು ಒಂದು ಗೀರೂ ಬೀಳದಂತೆ ಪೆವಿಲಿಯನ್‌ಗೆ ವಾಪಸು ತಂದರು. ಬಹುಶಃ ಮುಂದಿನ ಪಂದ್ಯಕ್ಕೆ ಉಳಿತಾಯ.

ಈ ಇನಿಂಗ್ಸ್‌ಗೆ ಸರಾಸರಿ ಕೊಟ್ಟ ಶಿಕ್ಷೆ ಏನು? ಬಹುಮಾನ! ಮೇಲಿನ ಅಂಕಿಗೆ 36 ಸೇರಿತು, ಕೆಳಗಿನ ಅಂಕಿಗೆ ಸೊನ್ನೆ. ಮುಂದಿನ ಪಂದ್ಯದಲ್ಲಿ ಪೂರ್ವ ಆಫ್ರಿಕಾ ವಿರುದ್ಧ ಅವರು ಔಟಾಗದೆ 65 ಹೊಡೆದು ಗೆಲ್ಲಿಸಿದರು, ಅದು ಒಳ್ಳೆಯ ಆಟವೇ. ನ್ಯೂಜಿಲೆಂಡ್ ವಿರುದ್ಧ 12ಕ್ಕೆ ಔಟಾದರು. ಒಟ್ಟು 113 ರನ್, ಒಂದು ಔಟ್. ಗುಂಪಿನ ಹಂತದಲ್ಲೇ ಮನೆಗೆ ಮರಳಿದ ತಂಡದ ಆರಂಭಿಕನ ವಿಶ್ವಕಪ್ ಸರಾಸರಿ 113. ಅವರ ಟೆಸ್ಟ್ ದೊಡ್ಡಸ್ತಿಕೆಗೆ ಇದರಿಂದ ಕುಂದೇನೂ ಇಲ್ಲ. ಮಾನ ಹೋಗಬೇಕಾದದ್ದು ಲೆಕ್ಕದ್ದು.

ಸರಿಯಾದ ಲೆಕ್ಕ ಮಾಡಲು ಗಣಿತದ ಪದವಿ ಬೇಕಿಲ್ಲ. ಗೆಲ್ಲಲು 360 ಎಸೆತದಲ್ಲಿ 335 ಬೇಕು, ಎಂದರೆ ಎಸೆತಕ್ಕೆ 0.93. ಗಾವಸ್ಕರ್ ಬಳಸಿದ್ದು 174 ಎಸೆತ. ಆ ಎಸೆತಗಳಿಂದ ತಂಡಕ್ಕೆ ಬೇಕಿದ್ದದ್ದು ಸುಮಾರು 162 ರನ್, ಬಂದದ್ದು 36. ಕೊರತೆ 126. ಗುರಿ ಮುಟ್ಟಲು ಭಾರತಕ್ಕೆ ಒಟ್ಟು ಕಡಿಮೆ ಬಿದ್ದದ್ದು 203. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಈ ಒಂದು ಅಜೇಯ ಆಟದ್ದು. ಪಿಚ್ ನಿಧಾನವಿತ್ತೇನೋ ಎಂಬ ವಕೀಲಿಕೆ ನಡೆಯುವುದಿಲ್ಲ, ಅದೇ ದಿನ ಅದೇ ಪಿಚ್‌ನಲ್ಲಿ ಇಂಗ್ಲೆಂಡ್ 100 ಎಸೆತಕ್ಕೆ 93ರ ಲೆಕ್ಕದಲ್ಲಿ ಹೊಡೆದಿತ್ತು. ಗಾವಸ್ಕರ್ ಅವರ ಸ್ಟ್ರೈಕ್ ರೇಟ್, ಎಂದರೆ 100 ಎಸೆತಕ್ಕೆ ಬಂದ ರನ್, 20.7.

ಅದೆಲ್ಲ ಹಳೆಯ ಕತೆ, ಈಗ ಯಾರು ಹಾಗೆ ಆಡುತ್ತಾರೆ ಅನ್ನಬೇಡಿ. ಅದೇ ಕಾಯಿಲೆ ಟಿ20ಗೆ ಸೂಟುಬೂಟು ಹಾಕಿಕೊಂಡು ಬಂದಿದೆ, ಹೆಸರು ಆ್ಯಂಕರ್, ಲಂಗರು ಹಾಕಿದ ಹಾಗೆ ಒಂದು ತುದಿ ಹಿಡಿದು ನಿಲ್ಲುವವನು. 180ರ ಗುರಿ ಇದೆ ಅಂದುಕೊಳ್ಳಿ: ಎಸೆತಕ್ಕೆ 1.5, ಓವರಿಗೆ 9. ಒಬ್ಬ 45 ಎಸೆತದಲ್ಲಿ 50 ಹೊಡೆದು ಔಟಾಗುತ್ತಾನೆ. ಬ್ಯಾಟ್ ಎತ್ತುತ್ತಾನೆ, ಚಪ್ಪಾಳೆ ಬೀಳುತ್ತದೆ. ಇನ್ನೊಬ್ಬ 18 ಎಸೆತದಲ್ಲಿ 30 ಹೊಡೆದು ಔಟಾಗುತ್ತಾನೆ. ಒಳ್ಳೆಯ ಆರಂಭವನ್ನು ಹಾಳುಮಾಡಿಕೊಂಡ ಎಂದು ಕಾಮೆಂಟರಿ ನಿಟ್ಟುಸಿರು ಬಿಡುತ್ತದೆ. ಮೊದಲನೆಯವನ ಎಸೆತಗಳಿಗೆ 67.5 ಬೇಕಿತ್ತು, 17.5 ಸಾಲ. ಎರಡನೆಯವನ ಎಸೆತಗಳಿಗೆ 27 ಬೇಕಿತ್ತು, 3 ಲಾಭ. ಮೊದಲನೆಯವನು ಹೋದ ಮೇಲೆ ಉಳಿದವರು 75 ಎಸೆತದಲ್ಲಿ 130 ಹೊಡೆಯಬೇಕು, ಓವರಿಗೆ 10.4. ಅವರು ಬೀಸಲು ಹೋಗಿ ಔಟಾಗುತ್ತಾರೆ. ಆಗ ಮರುದಿನದ ವಿಮರ್ಶೆ: ‘ಒಬ್ಬರೇ ಹೋರಾಡಿದರು, ಉಳಿದವರು ಕೈಕೊಟ್ಟರು.’ ಸಾಲ ಮಾಡಿದವನಿಗೆ ಸನ್ಮಾನ, ತೀರಿಸಲು ಹೋದವನಿಗೆ ಬೈಗುಳ.

ಹಾಗಂತ ಸ್ಟ್ರೈಕ್ ರೇಟನ್ನು ಹೊಸ ದೇವರು ಮಾಡಿ ಕೂರಿಸುವವರ ಹಾವಳಿಯೂ ಶುರುವಾಗಿದೆ. ಕೊನೆಯ ಓವರಿನಲ್ಲಿ ಬಂದು 4 ಎಸೆತಕ್ಕೆ 12 ಹೊಡೆದವನ ಸ್ಟ್ರೈಕ್ ರೇಟ್ 300. ಅವನನ್ನೇ ಆರಂಭಿಕನಾಗಿ ಕಳಿಸೋಣವೇ? ಟಿ20ಯ ಮೊದಲ ಆರು ಓವರ್‌ನಲ್ಲಿ ವೃತ್ತದ ಹೊರಗೆ ಇಬ್ಬರೇ ಫೀಲ್ಡರ್, ಆಮೇಲೆ ಐವರವರೆಗೂ ನಿಲ್ಲಬಹುದು. ಅಲ್ಲಿಯ 140ಕ್ಕೂ ಇಲ್ಲಿಯ 140ಕ್ಕೂ ಒಂದೇ ಬೆಲೆ ಕಟ್ಟುವವನು ಸರಾಸರಿಯ ಭಕ್ತನ ತಮ್ಮ. ಯಾವ ಓವರ್, ಎಷ್ಟು ಬೇಕಿತ್ತು, ಅದೇ ಪಿಚ್‌ನಲ್ಲಿ ಉಳಿದವರು ಹೇಗೆ ಹೊಡೆದರು ಎಂಬ ಮೂರು ಪ್ರಶ್ನೆ ಕೇಳದೆ ಆ ಅಂಕಿಯನ್ನೂ ಮುಟ್ಟಬಾರದು.

2021ರ ಜನವರಿ, ಸಿಡ್ನಿ ಟೆಸ್ಟ್. ಭಾರತದ ಗುರಿ 407, ಕೊನೆಯ ದಿನ. ತೊಡೆಯ ಸ್ನಾಯು ಸೆಳೆದು ಓಡಲಾಗದ ಹನುಮ ವಿಹಾರಿ 161 ಎಸೆತ ಎದುರಿಸಿ 23 ರನ್ ಮಾಡಿ ಔಟಾಗದೆ ಉಳಿದರು. ಸ್ಟ್ರೈಕ್ ರೇಟ್ 14.3, ಗಾವಸ್ಕರ್ ಅವರದಕ್ಕಿಂತಲೂ ಕಡಿಮೆ. ಆದರೆ ಅಲ್ಲಿ ರನ್ ಯಾರಿಗೂ ಬೇಕಿರಲಿಲ್ಲ, ಬೇಕಿದ್ದದ್ದು ಎಸೆತ ಮುಗಿಯುವುದು. ಇನ್ನೊಂದು ತುದಿಯಲ್ಲಿ ಅಶ್ವಿನ್ 128 ಎಸೆತ ಆಡಿ 39 ರನ್ನಿನೊಂದಿಗೆ ನಿಂತರು. ಪಂದ್ಯ ಡ್ರಾ ಆಯಿತು. ಲಾರ್ಡ್ಸ್‌ನಲ್ಲಿ ತಂಡವನ್ನು ಮುಳುಗಿಸಿದ ಆಟವೇ ಸಿಡ್ನಿಯಲ್ಲಿ ತಂಡವನ್ನು ಉಳಿಸಿತು.

ಸರಾಸರಿಯ ಕಡತದಲ್ಲಿ ಮಾತ್ರ ಎರಡೂ ಒಂದೇ ಸಾಲಿನಲ್ಲಿವೆ: 36 ನಾಟೌಟ್, 23 ನಾಟೌಟ್. ಲಾರ್ಡ್ಸ್‌ನದ್ದಕ್ಕೆ 13 ರನ್ ಹೆಚ್ಚಿನ ಮರ್ಯಾದೆ.