ಇವರಿಗೆ ಪರಿಚಯದ ಅಗತ್ಯವಿಲ್ಲ

ಉಡುಪಿ ಕಡೆಯ ಒಂದು ಕಾಲೇಜಿನ ಆ ವಿಡಿಯೊ ನಿಮ್ಮ ಫೋನಿಗೂ ಬಂದಿರುತ್ತದೆ. ಎನ್ನೆಸ್ಸೆಸ್ ಹುಡುಗಿಯೊಬ್ಬಳು ಎನ್‌ಜಿಒ ಸ್ಥಾಪಕರ ಪರಿಚಯ ಮಾಡುತ್ತಿದ್ದಾಳೆ. ‘ಇವರಿಗೆ ಪರಿಚಯದ ಅಗತ್ಯವೇ ಇಲ್ಲ’ ಎಂದು ಶುರು ಮಾಡಿ ಮೂರು ಪುಟ ಓದುತ್ತಾಳೆ. ಎರಡನೇ ಪುಟದಲ್ಲಿ ‘ಚಿಕ್ಕಂದಿನಿಂದಲೇ ನನಗೆ ಸೇವೆಯಲ್ಲಿ ಆಸಕ್ತಿ ಇತ್ತು, ಇದಕ್ಕೆಲ್ಲ ನನ್ನ ಪತ್ನಿಯ ಸಹಕಾರವೇ ಕಾರಣ’ ಎಂದು ಒಂದೇ ಉಸಿರಿಗೆ ಓದಿಬಿಡುತ್ತಾಳೆ. ಹಾಲಿಗೆ ಹಾಲೇ ನಗುತ್ತದೆ.

ಎಲ್ಲರೂ ಹುಡುಗಿಯನ್ನು ನೋಡಿ ನಕ್ಕರು. ನನಗೆ ನಗು ಬಂದದ್ದು ವೇದಿಕೆಯ ನಡುವಿನ ಕುರ್ಚಿಯಲ್ಲಿದ್ದವರನ್ನು ನೋಡಿ. ತಮ್ಮದೇ ಕೈಬರಹದ ಹೊಗಳಿಕೆಯನ್ನು ಈಗಷ್ಟೇ ಕೇಳುತ್ತಿರುವವರ ಹಾಗೆ ತಲೆ ತಗ್ಗಿಸಿ, ಬೇಡ ಬೇಡ ಎಂದು ಕೈಯಾಡಿಸುತ್ತಿದ್ದರು. ಎಂಥ ವಿನಯ ಮಾರಾಯ್ರೆ!

ಈ ಹಾಳೆ ಹುಟ್ಟುವ ಕ್ರಮ ನಮ್ಮ ಜಿಲ್ಲೆಗಳಲ್ಲಿ ಎಲ್ಲರಿಗೂ ಗೊತ್ತು. ಸ್ಥಾಪಕರು ತಮ್ಮ ಬಗ್ಗೆ ತಾವೇ ಬರೆದು ವಾಟ್ಸಾಪ್ ಮಾಡುತ್ತಾರೆ. ಕಾರ್ಯಕ್ರಮಾಧಿಕಾರಿ ಮೇಷ್ಟ್ರು ಅದನ್ನು ತೆರೆಯದೆಯೇ ಫಾರ್ವರ್ಡ್ ಮಾಡುತ್ತಾರೆ. ಹುಡುಗಿಯ ಕೈಗೆ ಅದು ಸಿಗುವುದು ಊಟದ ಬಿಡುವಿನಲ್ಲಿ. ಅಷ್ಟರಲ್ಲಿ ಅವಳು ಕುರ್ಚಿ ಜೋಡಿಸಿರಬೇಕು, ದೀಪಕ್ಕೆ ಎಣ್ಣೆ ಬತ್ತಿ ನೋಡಿರಬೇಕು, ಬ್ಯಾನರ್ ಕಟ್ಟಿರಬೇಕು. ಮತ್ತೆ ‘ನಾನು’ ಇದ್ದಲ್ಲೆಲ್ಲ ‘ಇವರು’ ಎಂದು ತಿದ್ದಲು ಅವಳಿಗೆ ಪುರುಸೊತ್ತೆಲ್ಲಿ? ತಿದ್ದಿದರೂ ಒಂದೆರಡು ತಪ್ಪಿಸಿಕೊಳ್ಳುತ್ತವೆ. ಪತ್ನಿ ತಪ್ಪಿಸಿಕೊಂಡರು.

ಇದಕ್ಕಿಂತ ಯಕ್ಷಗಾನವೇ ಎಷ್ಟೋ ವಾಸಿ. ಅಲ್ಲಿ ವೇಷ ರಂಗಕ್ಕೆ ಬಂದರೆ ಒಡ್ಡೋಲಗ ಕುಣಿದು, ‘ಬಲ್ಲಿರೇನಯ್ಯಾ’ ಎಂದು ಶುರು ಮಾಡಿ ತನ್ನ ಊರು, ಹೆಸರು, ಪರಾಕ್ರಮವನ್ನೆಲ್ಲ ತಾನೇ ಹೇಳಿಕೊಳ್ಳುತ್ತದೆ. ಬೇರೆಯವರ ಬಾಯಲ್ಲಿ ಹೇಳಿಸುವ ನಾಟಕ ಇಲ್ಲ. ಮಾತು ಅತಿಯಾದರೆ ಭಾಗವತರು ಕೂತಲ್ಲಿಂದಲೇ ಒಂದು ಕೊಂಕು ಪ್ರಶ್ನೆ ಎಸೆಯುತ್ತಾರೆ. ಬಣ್ಣದ ವೇಷವೂ ಉತ್ತರ ಕೊಡಲೇಬೇಕು. ಕಾಲೇಜು ವೇದಿಕೆಯಲ್ಲೂ ಒಬ್ಬ ಭಾಗವತರನ್ನು ಕೂರಿಸಿದರೆ ಹೇಗೆ? ಮೂರು ಪುಟ ಮುಕ್ಕಾಲು ಪುಟಕ್ಕೆ ಇಳಿಯುತ್ತಿತ್ತು. ಚೆಂಡೆಯವರಿಗೆ ಸಂಭಾವನೆ ಕೊಡಬೇಕಾದೀತು, ಅಷ್ಟೇ.

ಈಗ ಹಾಳೆಗೇ ಬರೋಣ. ಮೊದಲ ಸಾಲು, ‘ಡಾಕ್ಟರ್’. ಯಾವ ಡಾಕ್ಟರ್? ಗೌರವ ಡಾಕ್ಟರೇಟ್. ಕೊಟ್ಟದ್ದು ಯಾರು? ಯಾವುದೋ ‘ಗ್ಲೋಬಲ್’ ವಿಶ್ವವಿದ್ಯಾಲಯ, ಘಟಿಕೋತ್ಸವ ನಡೆದದ್ದು ಹೋಟೆಲಿನ ಹಾಲ್‌ನಲ್ಲಿ. 1956ರ ಯುಜಿಸಿ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಕಾನೂನಿನಡಿ ಸ್ಥಾಪನೆಯಾದ ವಿಶ್ವವಿದ್ಯಾಲಯ ಮತ್ತು ಅಂಥದ್ದೇ ಮಾನ್ಯತೆ ಇರುವ ಸಂಸ್ಥೆ ಮಾತ್ರ ಪದವಿ ಕೊಡಬಹುದು. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯುಜಿಸಿಯೇ ತನ್ನ ವೆಬ್‌ಸೈಟಿನಲ್ಲಿ ಹಾಕಿದೆ. ಎದುರಿಗೆ ಕೂತ ನಿಜವಾದ ಪಿಎಚ್‌ಡಿಗಳು ವರ್ಷಗಟ್ಟಲೆ ಗೈಡಿನ ಬಾಗಿಲು ಕಾದವರು. ಚಪ್ಪಾಳೆ ಮಾತ್ರ ಅವರೂ ತಟ್ಟಿದರು.

ಎರಡನೆಯದು, ‘ನೀತಿ ಆಯೋಗದಿಂದ ಮಾನ್ಯತೆ ಪಡೆದ ಸಂಸ್ಥೆ’. ಕೇಳಿದರೆ ದಿಲ್ಲಿಯಿಂದ ಯಾರೋ ಬಂದು ಕೆಲಸ ನೋಡಿ ಬೆನ್ನು ತಟ್ಟಿದ ಹಾಗಿದೆ, ಅಲ್ವಾ? ಆದದ್ದು ಇಷ್ಟೇ. ಆಯೋಗದ ಎನ್‌ಜಿಒ ದರ್ಪಣ್ ಎಂಬ ಪೋರ್ಟಲ್ ಇದೆ. ಸಂಸ್ಥೆಯ ನೋಂದಣಿ, ಪ್ಯಾನ್, ಪದಾಧಿಕಾರಿಗಳ ವಿವರ ತುಂಬಿದರೆ ಒಂದು ಗುರುತಿನ ಸಂಖ್ಯೆ ಸಿಗುತ್ತದೆ. ಸರ್ಕಾರದ ಅನುದಾನಕ್ಕೆ ಅರ್ಜಿ ಹಾಕಲು ಅದು ಬೇಕು. ಒಳ್ಳೆಯ ಕೆಲಸ ಮಾಡುವವರ ಹತ್ತಿರವೂ ಆ ನಂಬರ್ ಇದೆ, ಬರೀ ಬ್ಯಾನರ್ ಕಟ್ಟುವವರ ಹತ್ತಿರವೂ ಇದೆ. ಕೆಲಸ ಚೆನ್ನಾಗಿದೆ ಎಂದು ಅದು ಹೇಳುವುದೇ ಇಲ್ಲ.

ಮೂರನೆಯದು ನನಗೆ ಬಹಳ ಇಷ್ಟ. ‘ಒಂದು ಲಕ್ಷ ಗಿಡಗಳನ್ನು ನೆಟ್ಟ ಹಸಿರು ಯೋಧ’. ಸ್ವಲ್ಪ ಲೆಕ್ಕ ಹಾಕೋಣ. ಮೂರು ಮೀಟರಿಗೊಂದು ಗಿಡ ನೆಟ್ಟರೆ ಎಕರೆಗೆ ಹೆಚ್ಚು ಕಡಿಮೆ 450 ಹಿಡಿಯುತ್ತದೆ. ಲಕ್ಷ ಗಿಡಕ್ಕೆ 220 ಎಕರೆ ದಾಟುತ್ತದೆ. ನಮ್ಮಲ್ಲಿ ಹತ್ತು ಸೆಂಟ್ಸ್ ಜಾಗಕ್ಕೆ ಅಣ್ಣತಮ್ಮಂದಿರು ಕೋರ್ಟಿಗೆ ಹೋಗುತ್ತಾರೆ. 220 ಎಕರೆ ಕಾಡು ಎಲ್ಲಿ ಎದ್ದಿತು, ಯಾರ ಕಣ್ಣಿಗೂ ಬೀಳದ ಹಾಗೆ?

ನೆಡುವುದೇನೋ ಸುಲಭ. ಜುಲೈಯಲ್ಲಿ ವನಮಹೋತ್ಸವ, ಧೋ ಎಂದು ಮಳೆ, ಕೋಲು ಊರಿದರೂ ಚಿಗುರುವ ಕಾಲ. ಗಿಡದ ನಿಜವಾದ ಪರೀಕ್ಷೆ ಇರುವುದು ಡಿಸೆಂಬರಿನಿಂದ ಮೇವರೆಗೆ. ಮುರಕಲ್ಲಿನ ಪದವಿನಲ್ಲಿ ಆಗ ಹುಲ್ಲೂ ಒಣಗಿರುತ್ತದೆ. ಬುಡಕ್ಕೆ ನೀರು ಹೊತ್ತವರು ಯಾರು, ದನ ಬಾರದ ಹಾಗೆ ಬೇಲಿ ಕಟ್ಟಿದವರು ಯಾರು ಎಂದು ಹಾಳೆಯಲ್ಲಿಲ್ಲ. ಕಳೆದ ವರ್ಷದ ಗುಂಡಿಯಲ್ಲೇ ಈ ವರ್ಷವೂ ನೆಟ್ಟರೆ ಲೆಕ್ಕಕ್ಕೆ ಎರಡು ಗಿಡ. ಗುಂಡಿ ತೋಡುವ ಖರ್ಚೂ ಉಳಿಯಿತು. ಎಂಥ ಮಿತವ್ಯಯ!

ನಮ್ಮ ಬೀದಿಯ ಹುಡುಗಿಯೊಬ್ಬಳೂ ಎನ್ನೆಸ್ಸೆಸ್ಸಿನಲ್ಲಿದ್ದಾಳೆ. ಈ ವಿಡಿಯೊ ನೋಡಿ ಅವಳು ನಗಲಿಲ್ಲ. ‘ಅಂಕಲ್, ನಮ್ಮಲ್ಲೂ ಹೀಗೇ ಒಬ್ಬರ ಪರಿಚಯ ನಾನೇ ಓದಿದ್ದು. ಅವರು ನೆಟ್ಟದ್ದೆಲ್ಲ ನಾವು ನೆಟ್ಟದ್ದು’ ಎಂದಳು. ಗುಂಡಿಗೆ ಹಾರೆ ಹಿಡಿದದ್ದು ಇವಳ ತಂಡ. ಅವರು ಬಂದದ್ದು ಕೊನೆಗೆ. ಕೈಗೆ ಮಣ್ಣಾಗದ ಹಾಗೆ ಒಂದು ಗಿಡ ಮುಟ್ಟಿ, ಜಿಯೋಟ್ಯಾಗ್ ಇರುವ ಫೋಟೊ ತೆಗೆಸಿಕೊಂಡು ಹೊರಟರು. ಆ ಫೋಟೊ ಕಾಲೇಜಿಗೂ ಬೇಕಿತ್ತು, ಕಾಲೇಜುಗಳ ಮೌಲ್ಯಮಾಪನ ಮಾಡುವ ನ್ಯಾಕ್‌ನ ಫೈಲಿಗೆ.

ಇಲ್ಲಿ ಮಾತ್ರ ನನಗೆ ತಮಾಷೆ ಸಾಕಾಗುತ್ತದೆ. ಎನ್ನೆಸ್ಸೆಸ್ಸಿನಲ್ಲಿ ಎರಡು ವರ್ಷಕ್ಕೆ 240 ಗಂಟೆ ಸೇವೆ ಮಾಡಬೇಕು. ಮಕ್ಕಳು ಮಾಡುತ್ತಾರೆ, ಸಂಬಳ ಇಲ್ಲದೆ, ಬಿಸಿಲಲ್ಲಿ. ಕೊನೆಗೆ ಅದೇ ಮಕ್ಕಳ ಕೈಗೆ ಮೈಕ್ ಕೊಟ್ಟು, ಮಾಡಿದವರು ಇವರು ಎಂದು ಅವರ ಬಾಯಿಂದಲೇ ಹೇಳಿಸುತ್ತೀರಿ. ಹಿಂದಿನ ಬ್ಯಾನರಿನಲ್ಲಿ ‘ನನಗಲ್ಲ, ನಿನಗೆ’ ಎಂಬ ಧ್ಯೇಯವಾಕ್ಯ. ನಾಚಿಕೆ ಬೇಡವೇ? ಹದಿನೆಂಟು ವರ್ಷದವರಿಗೆ ಸುಳ್ಳನ್ನು ಸ್ಪಷ್ಟವಾಗಿ, ತಡವರಿಸದೆ ಓದಲು ಕಲಿಸುವುದಕ್ಕೆ ಕಾಲೇಜೇ ಬೇಕಿತ್ತಾ?

‘ನಿನಗೇ ಬಿಟ್ಟಿದ್ದರೆ ಏನು ಹೇಳುತ್ತಿದ್ದೆ?’ ಎಂದು ಅವಳನ್ನು ಕೇಳಿದೆ. ಯೋಚನೆಯೂ ಮಾಡಲಿಲ್ಲ, ಹೇಳಿದಳು: ‘ಕಳೆದ ಮಳೆಗಾಲ ನಮ್ಮ ಕಾಲೇಜಿನ ಹಿಂದೆ ಇನ್ನೂರು ಗಿಡ ನೆಟ್ಟೆವು. ಸಸಿ ತಂದುಕೊಟ್ಟದ್ದು ಇವರ ಸಂಸ್ಥೆ. ಬೇಸಗೆಯಲ್ಲಿ ಎಣಿಸಿದಾಗ ನಲವತ್ತು ಉಳಿದಿದ್ದವು, ಹಾಸ್ಟೆಲಿನ ನೀರು ಹರಿಯುವ ಬದಿಯಲ್ಲಿ ಮಾತ್ರ. ಮಿಕ್ಕವು ಯಾಕೆ ಸತ್ತವು, ಈ ಸಲ ಏನು ಬದಲಾಯಿಸಬೇಕು ಎಂದು ಇವರು ಇವತ್ತು ಹೇಳುತ್ತಾರೆ.’ ಇಷ್ಟು ಹೇಳಿ ಹೆಸರು ಕರೆದರೆ ಮುಗಿಯಿತು. ಒಂದು ನಿಮಿಷವೂ ಬೇಡ. ಅತಿಥಿ ಯಾರು, ಈ ಹಾಲಿಗೆ ಯಾಕೆ ಬಂದರು, ನಾವು ಏನು ಕೇಳಬೇಕು, ಎಲ್ಲವೂ ಅದರಲ್ಲಿದೆ. ನಿಜವಾಗಿ ಕೆಲಸ ಮಾಡಿದ ಸ್ಥಾಪಕರಿಗೆ ಇದು ಮೂರು ಪುಟಕ್ಕಿಂತ ದೊಡ್ಡ ಮರ್ಯಾದೆ. ಮಾಡದವರಿಗೆ ಮಾತ್ರ ಆ ಕುರ್ಚಿ ಸ್ವಲ್ಪ ಬಿಸಿಯಾದೀತು.

ಇದನ್ನೇ ಅವಳು ತನ್ನ ಮೇಷ್ಟ್ರಿಗೆ ಆಗಲೇ ತೋರಿಸಿದ್ದಳಂತೆ. ‘ಚೆನ್ನಾಗಿದೆ ಮಗಾ, ಆದರೆ ಆ ನಲವತ್ತು ಬೇಡ, ತೆಗೆದುಬಿಡು’ ಎಂದರಂತೆ. ಅವಳು ಹಳೇ ಹಾಳೆಯನ್ನೇ ಓದಿದಳು. ಕೊನೆಗೆ ವಂದನಾರ್ಪಣೆಗೆ ನಿಂತ ಹುಡುಗನೂ ಅದೇ ಹಾಳೆ ಹಿಡಿದು ಡಾಕ್ಟರಿಂದಲೇ ಮತ್ತೆ ಶುರು ಮಾಡಿದನಂತೆ. ಅಷ್ಟು ಹೊತ್ತಿಗೆ ಹಿಂದಿನ ಸಾಲಿನವರು ಎಕ್ಸ್‌ಪ್ರೆಸ್ ಬಸ್ಸು ಹಿಡಿಯಲು ಎದ್ದು ಹೋಗಿದ್ದರು.