ಮೊಟ್ಟೆ ಬಿಟ್ಟರು, ಜೋನಿ ಬೆಲ್ಲ ಬಿಡಲಿಲ್ಲ

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರೊಬ್ಬರು, ವಯಸ್ಸು 49. ಒಪ್ಪಿಗೆ ಕೇಳಿಯೇ ಅವರ ಕಥೆ ಬರೆಯುತ್ತಿದ್ದೇನೆ. ಊಟದ ಸಲಹೆಗೆ ನನ್ನ ಹತ್ರ ಬಂದವರು ಕೂತ ಕೂಡಲೇ, "ಮೊಟ್ಟೆ ಬಿಟ್ಟೆ, ಕರಿದಿದ್ದು ಬಿಟ್ಟೆ. ಆದ್ರೂ ಕೊಲೆಸ್ಟ್ರಾಲ್ ಇಳಿದಿಲ್ಲ ಮೇಡಂ" ಅಂದರು.

ರಿಪೋರ್ಟ್‌ನಲ್ಲಿ ಒಟ್ಟು ಕೊಲೆಸ್ಟ್ರಾಲ್ 274, ಒಳ್ಳೆಯದು ಅನ್ನುವ ಎಚ್‌ಡಿಎಲ್ 34, ರಕ್ತದಲ್ಲಿನ ಕೊಬ್ಬು ಟ್ರೈಗ್ಲಿಸರೈಡ್ 460. ಕೆಟ್ಟದ್ದು ಅನ್ನುವ ಎಲ್‌ಡಿಎಲ್ 148 ಅಂತ ಪ್ರಿಂಟ್ ಆಗಿತ್ತು. ಆ 148 ಅನ್ನು ನಾನು ನಂಬಲಿಲ್ಲ. ಎಷ್ಟೋ ಲ್ಯಾಬ್‌ಗಳಲ್ಲಿ ಎಲ್‌ಡಿಎಲ್ ಅಳೆಯುವುದಿಲ್ಲ, ಲೆಕ್ಕ ಹಾಕುತ್ತಾರೆ. ಒಟ್ಟಿನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯುತ್ತಾರೆ. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ಕೆಡುತ್ತದೆ. ಆಗ ಒಟ್ಟಿನಿಂದ ಎಚ್‌ಡಿಎಲ್ ಮಾತ್ರ ಕಳೆದು ನೋಡಬೇಕು. ಇವರದ್ದು 240.

ಹಿಂದಿನ ರಾತ್ರಿ ಮದುವೆ ಊಟವೇನಾದ್ರೂ ಇತ್ತಾ ಅಂತ ಕೇಳಿದೆ. ಇರಲಿಲ್ಲ, 12 ಗಂಟೆ ಉಪವಾಸವಿದ್ದೇ ರಕ್ತ ಕೊಟ್ಟಿದ್ದರು. ಡಾಕ್ಟರು ಥೈರಾಯ್ಡ್ ನೋಡಿದ್ದರು, ಸರಿಯಿತ್ತು. ಮೂರು ತಿಂಗಳ ಸಕ್ಕರೆ ಪರೀಕ್ಷೆ 6.1, ಅಂದ್ರೆ ಡಯಾಬಿಟಿಸ್‌ನ ಹೊಸ್ತಿಲು.

ಆಮೇಲೆ ಬಾಯಿ ಬಿಡಿಸಿದೆ. ದಿನಕ್ಕೆ ಐದು ಕಾಫಿ, ಒಂದೊಂದಕ್ಕೂ ಎರಡು ಚಮಚ ಸಕ್ಕರೆ. ಅಲ್ಲಿಗೇ ಸುಮಾರು 50 ಗ್ರಾಂ. ಬೆಳಗ್ಗೆ ನೀರುದೋಸೆಗೆ ಜೋನಿ ಬೆಲ್ಲ. ಮಧ್ಯಾಹ್ನ, ರಾತ್ರಿ ತಟ್ಟೆ ತುಂಬಾ ಅನ್ನ. ಅಡಿಕೆ ಸುಲಿಯುವ ದಿನಗಳಲ್ಲಿ ಸಂಜೆ ಎರಡು ಪೆಗ್. "ಬೆಲ್ಲ ಅಲ್ವಾ ಮೇಡಂ, ಸಕ್ಕರೆ ಅಲ್ಲವಲ್ಲ!" ನಾಲಿಗೆಗೆ ಬೇರೆ ಇರಬಹುದು, ಲಿವರ್‌ಗೆ ಎರಡೂ ಒಂದೇ. ಮಿಕ್ಕ ಸಕ್ಕರೆಯಿಂದ ಅದು ಟ್ರೈಗ್ಲಿಸರೈಡ್ ತಯಾರಿಸುತ್ತದೆ. ಮದ್ಯ ಸೇರಿದರೆ ಇನ್ನೂ ಜಾಸ್ತಿ.

ಹಾಗಾಗಿ ಮೊದಲು ಪೆಗ್ ಪೂರ್ತಿ ಬಂದ್, ಕಾಫಿ ಎರಡೇ, ಅದೂ ಸಕ್ಕರೆ ಇಲ್ಲದೆ. ಬೆಲ್ಲವೂ ಇಲ್ಲ. ಅನ್ನ ಅರ್ಧ, ಉಳಿದ ಜಾಗಕ್ಕೆ ಹುರುಳಿ ಸಾರು, ಪಲ್ಯ. ಊಟವಾದ ಮೇಲೆ ತೋಟಕ್ಕೆ ಒಂದು ಸುತ್ತು.

ಮೂರು ತಿಂಗಳಿಗೆ ಟ್ರೈಗ್ಲಿಸರೈಡ್ 210ಕ್ಕೆ ಇಳಿಯಿತು. ಒಟ್ಟು 232, ಎಚ್‌ಡಿಎಲ್ 38. ಆದರೆ ಎಲ್‌ಡಿಎಲ್ 152! "ಇದು ಏರಿತಲ್ಲ ಮೇಡಂ" ಅಂತ ಮುಖ ಸಣ್ಣ ಮಾಡಿಕೊಂಡರು. ಏರಿತು ಅನ್ನೋಕಾಗಲ್ಲ. ಮೊದಲಿನ 148 ಲೆಕ್ಕವೇ ತಪ್ಪಿತ್ತು, ನಂಬಬಹುದಾದ ಎಲ್‌ಡಿಎಲ್ ಈಗಷ್ಟೇ ಕಂಡಿದ್ದು. ಒಟ್ಟಿನಿಂದ ಎಚ್‌ಡಿಎಲ್ ಕಳೆದ ಆ 240 ಮಾತ್ರ ಈಗ 194ಕ್ಕೆ ಇಳಿದಿತ್ತು. ಪಥ್ಯ ದಂಡವಾಗಿರಲಿಲ್ಲ.

ಎಲ್‌ಡಿಎಲ್‌ನ ದಾರಿ ಬೇರೆ. ತೆಂಗಿನಕಾಯಿಯಲ್ಲಿ ಕೊಲೆಸ್ಟ್ರಾಲ್ ಇಲ್ಲ ಅಂತಾರಲ್ಲ, ನಿಜ. ಆದರೆ ಅದರ ಎಣ್ಣೆಯಲ್ಲಿ ನೂರಕ್ಕೆ ಹೆಚ್ಚುಕಡಿಮೆ 90 ಭಾಗ ಸ್ಯಾಚುರೇಟೆಡ್ ಕೊಬ್ಬು. ತುಪ್ಪದಲ್ಲೂ ಇದೇ ಕೊಬ್ಬು ಜಾಸ್ತಿ. ಇದು ಹೆಚ್ಚಾದರೆ ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುವ ಲಿವರ್‌ನ ಕೆಲಸ ನಿಧಾನವಾಗುತ್ತದೆ. ನಾಲ್ಕು ಜನರ ಮನೆಯಲ್ಲಿ ದಿನಕ್ಕೊಂದು ಕಾಯಿ ಒಡೆಯುತ್ತಿದ್ದರು. ಇದನ್ನು ಮೊದಲ ದಿನವೇ ಕೇಳದೇ ಇದ್ದದ್ದು ನನ್ನ ತಪ್ಪು.

ಅವರ ತಂದೆಗೆ 52ಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು. ಹಾಗಾಗಿ ಊಟವೊಂದನ್ನೇ ನಂಬಿ ಕೂರಬೇಡಿ ಅಂತ ಡಾಕ್ಟರ ಹತ್ರ ವಾಪಸ್ ಕಳಿಸಿದೆ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಶುರುವಾಗಿದೆ. ಮೊನ್ನೆ ಅವರ ಹೆಂಡತಿ ಫೋನ್ ಮಾಡಿದ್ದರು: "ಒಂದು ಕಾಯಿ ಈಗ ಮೂರು ದಿನ ಬರ್ತಿದೆ. ಆದ್ರೆ ಪತ್ರೊಡೆಗೆ ಮಾತ್ರ ಲೆಕ್ಕ ಕೇಳ್ಬೇಡಿ."